ಇಷ್ಟು ಮಳೆಯಲ್ಲಿ ಬಟ್ಟೆ ಹೇಗೆ ಒಣಗಿಸ್ತೀರಿ?

(ಮೇ ತಿಂಗಳಲ್ಲಿ ತೀರ್ಥಹಳ್ಳಿಯಲ್ಲಿ ನಡೆದ ಅಣ್ಣನ ಆರತಕ್ಷತೆಯಲ್ಲಿ ಆಡಿದ ಮಾತು. ಮೈಕು ನಡುನಡುವೆ ಕೈಕೊಟ್ಟಿದ್ದರಿಂದ ಹಿಂದೆ ಕೂತವರಿಗೆ ಅರ್ಧ ಕೇಳಿಸಲೇ ಇಲ್ಲವಂತೆ. ಅವರಿಗಾಗಿ ಬರೆದಿದ್ದೇನೆ. ಅಜ್ಜಿ ಕಣ್ಣು ಬಿಟ್ಟರು ಅಂತ ಅಲ್ಲಿ ನುಂಗಿಕೊಂಡ ಒಂದೆರಡು ಮಾತೂ ಇಲ್ಲಿ ಸೇರಿವೆ.)

ಗದಗಿನಿಂದ ಬಂದ ಬೀಗರಿಗೆ, ನಮ್ಮೂರಿನವರಿಗೆ, ಊಟದ ಹಾಲಿನ ಬಾಗಿಲ ಹತ್ತಿರವೇ ಕುರ್ಚಿ ಹಿಡಿದು ಕೂತಿರುವ ನನ್ನ ಚಿಕ್ಕಪ್ಪಂದಿರಿಗೆ, ಎಲ್ಲರಿಗೂ ನಮಸ್ಕಾರ.

ಅಣ್ಣನ ಬಗ್ಗೆ ನಾಲ್ಕು ಮಾತು ಹೇಳು ಅಂದರು. ನಾಲ್ಕು ಮಾತಿನಲ್ಲಿ ಮುಗಿಯುವಷ್ಟು ಒಳ್ಳೆಯವನಲ್ಲ ಅವನು. ಆದರೆ ಅವನನ್ನು ಹೊಗಳುವುದಕ್ಕೋ ಮಾನ ಕಳೆಯುವುದಕ್ಕೋ ನಾನು ಮೈಕು ಹಿಡಿದಿಲ್ಲ. ಒಂದು ಪ್ರಶ್ನೆ ಬಾಕಿ ಇದೆ. ಅದಕ್ಕೆ ಉತ್ತರ ಕೊಡಬೇಕು.

ಹೋದ ವರ್ಷ ಜುಲೈನಲ್ಲಿ ಅತ್ತಿಗೆಯ ಮನೆಯವರು ನಮ್ಮ ಮನೆ ನೋಡಲು ಬಂದಿದ್ದರು. ಬೇರೆ ತಿಂಗಳೇ ಸಿಗಲಿಲ್ಲವಾ ಅಂತ ಕೇಳಬೇಡಿ. ನಿಶ್ಚಯದ ಮಾತುಕತೆಗೆ ಆಷಾಢ ಕಳೆಯಲಿ, ಸುಮ್ನೆ ಮನೆ ನೋಡಿಕೊಂಡು ಬರೋದಕ್ಕೆ ಏನು ಅಡ್ಡಿ ಅಂತ ಹೊರಟುಬಿಟ್ಟಿದ್ದರು. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ ತಿರುಗಿದ ಮೇಲೆ ಕಾರಿನ ವೈಪರ್ ಒಂದು ನಿಮಿಷವೂ ನಿಲ್ಲಲಿಲ್ಲವಂತೆ. ನಮ್ಮ ಮನೆಯಲ್ಲಿ ಎರಡು ದಿನದಿಂದ ಕರೆಂಟಿರಲಿಲ್ಲ. ಫೋನು ಸತ್ತಿತ್ತು. ಮಾವ ಹಾಲಿನಂಥ ಬಿಳಿ ಪಂಚೆ ಉಟ್ಟು ಬಂದಿದ್ದರು. ತೋಟ ನೋಡಿ ವಾಪಸ್ ಜಗುಲಿಗೆ ಬಂದಾಗ ಪಂಚೆಯ ಅಂಚಿನಲ್ಲಿ ಕೆಂಪು ಕಲೆ. ಉಂಬಳ ಹೊಟ್ಟೆ ತುಂಬ ಕುಡಿದು ಉದುರಿಹೋಗಿತ್ತು. ಅಮ್ಮನಿಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತಂತೆ. ಅಜ್ಜಿ ಮಾತ್ರ ಸುಣ್ಣ ತಂಬಾಕು ಕಲಸಿ ತಂದು, ಗಾಯಕ್ಕೆ ಹಚ್ಚಿ, "ಏನಾಗಲ್ಲ, ಕೆಟ್ಟ ರಕ್ತ ಹೋಯ್ತು ಅನ್ಕೊಳ್ಳಿ" ಅಂದರು.

ಮಾವ ಬೇಜಾರು ಮಾಡಿಕೊಳ್ಳಲಿಲ್ಲ. ಕಾಫಿ ಲೋಟ ಕೈಯಲ್ಲಿ ಹಿಡಿದು, ಅಂಗಳದಲ್ಲಿ ಸುರಿಯುವುದನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ಕೇಳಿದರು. "ಅಲ್ರೀ, ಇಷ್ಟ್ ಮಳ್ಯಾಗ ಅರಿವಿ ಹ್ಯಾಂಗ ಒಣಸ್ತೀರಿ?"

ಆಸ್ತಿ ಎಷ್ಟು ಅಂತ ಕೇಳಲಿಲ್ಲ. ತೋಟ ಎಷ್ಟು ಎಕರೆ ಅಂತ ಕೇಳಲಿಲ್ಲ. ಮಗಳನ್ನು ಕೊಡುವ ಮನೆಯಲ್ಲಿ ಅಪ್ಪನಾದವನು ಕೇಳಬೇಕಾದ ಪ್ರಶ್ನೆ ಅದೇ ಅಂತ ನನಗೆ ಅವತ್ತೇ ಅನ್ನಿಸಿತ್ತು. ಆದರೆ ನಮ್ಮಪ್ಪಯ್ಯ "ಹೇಗೋ ಒಣಗತ್ತೆ" ಅಂದು ಮಾತು ಬೇರೆ ಕಡೆ ತಿರುಗಿಸಿದರು. ಮಾವ, ಆ ಉತ್ತರ ನಿಮಗೆ ಸಾಕಾಗಿರಲಿಲ್ಲ ಅಂತ ನಿಮ್ಮ ಮುಖ ನೋಡಿದಾಗಲೇ ಗೊತ್ತಾಗಿತ್ತು. ಈಗ ಸರಿಯಾಗಿ ಹೇಳುತ್ತೇನೆ.

ಮೊದಲು ಮಳೆ ಎಷ್ಟು ಅಂತ ಅಂದಾಜು ಕೊಡುತ್ತೇನೆ. ಗದಗಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮನೆಯಿಂದ ಮುಂದಿರುವ ಆಗುಂಬೆಯಲ್ಲಿ ವರ್ಷದ ಸರಾಸರಿ 7000 ಮಿಲಿಮೀಟರ್ ದಾಟುತ್ತದೆ. ನಿಮ್ಮ ಇಡೀ ವರ್ಷದ ಮಳೆ ಅಲ್ಲಿ ಜುಲೈ ತಿಂಗಳ ಹತ್ತೇ ದಿನದಲ್ಲಿ ಬಿದ್ದುಹೋಗಬಹುದು. ನಮ್ಮಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಬಟ್ಟೆಗೆ ಆ ವ್ಯತ್ಯಾಸ ಏನೂ ಗೊತ್ತಾಗಲ್ಲ.

ಬಟ್ಟೆ ಒಣಗುವುದು ಬಚ್ಚಲುಮನೆಯಲ್ಲಿ. ಅಲ್ಲಿ ನೀರಿನ ಹಂಡೆಯ ಕೆಳಗೆ ಒಲೆ ಇದೆ, ಮಳೆಗಾಲದಲ್ಲಿ ಅದು ಬೆಳಗ್ಗೆಯಿಂದ ರಾತ್ರಿವರೆಗೂ ಆರುವುದಿಲ್ಲ. ಕಟ್ಟಿಗೆಯನ್ನು ಏಪ್ರಿಲ್ ಮೇ ತಿಂಗಳಲ್ಲೇ ಕೊಟ್ಟಿಗೆಯಲ್ಲಿ ಒಟ್ಟಿಟ್ಟಿರುತ್ತೇವೆ. ಜತೆಗೆ ಅಡಿಕೆ ಸಿಪ್ಪೆ. ಸಿಪ್ಪೆ ಧಗಧಗ ಉರಿಯಲ್ಲ, ನಿಧಾನಕ್ಕೆ ಕನಲುತ್ತಾ ಇರುತ್ತದೆ. ಬಟ್ಟೆಗೆ ಬೇಕಾಗಿರುವುದು ಆ ಶಾಖವೇ. ಒಲೆಯ ಮೇಲೆ ಎತ್ತರದಲ್ಲಿ ಬಿದಿರಿನ ಗಳ ಕಟ್ಟಿರುತ್ತದೆ. ಬೆಡ್‌ಶೀಟು, ಪಂಚೆ, ಸೀರೆ ಎಲ್ಲ ಅದರ ಮೇಲೆ. ಅಲ್ಲಿ ಮುಕ್ಕಾಲು ಒಣಗಿದ್ದನ್ನು ಅಡುಗೆಮನೆಯ ಅಟ್ಟಕ್ಕೆ ಸಾಗಿಸಬೇಕು. ಪೂರ್ತಿ ಒಣಗಿತಾ ಅಂತ ಕೈಯಿಂದ ಮುಟ್ಟಿ ನೋಡಿದರೆ ಗೊತ್ತಾಗಲ್ಲ, ಯಾಕೆಂದರೆ ಬಿಸಿಯಾಗಿರುವ ಬಟ್ಟೆಯೆಲ್ಲ ಒಣಗಿದ ಹಾಗೇ ಅನ್ನಿಸುತ್ತದೆ. ಕೆಳಗೆ ತೆಗೆದು, ತಣ್ಣಗಾದ ಮೇಲೆ ಕೆನ್ನೆಗೆ ಒತ್ತಿ ನೋಡಬೇಕು. ಆಗಲೂ ತಣ್ಣಗೆ ಚುಳ್ ಅಂದರೆ ಇನ್ನೂ ಹಸಿ. ಹಾಗೇ ಮಡಚಿಟ್ಟರೆ ಮೂರನೇ ದಿನಕ್ಕೆ ಬೂಸ್ಟು.

ಸಣ್ಣ ಬಟ್ಟೆಗೆ ಬೇರೆ ವ್ಯವಸ್ಥೆ. ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ ತುಂಬಿ, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಬೆನ್ನ ಮೇಲೆ ಬಟ್ಟೆ ಹರಡಬೇಕು. ಎಳೆ ಮಗು ಇರುವ ಮನೆಯಲ್ಲಿ ಈ ಬುಟ್ಟಿಗೆ ಬಿಡುವೇ ಇರಲ್ಲ. ನಾವು ಶಾಲೆಗೆ ಹೋಗುವಾಗ ಅದರ ಮೇಲೆ ನಮ್ಮ ಸಾಕ್ಸುಗಳು. ಮಗುಚಿ ಹಾಕುವ ಕೆಲಸ ಅಣ್ಣನದು. ಅವನು ಒಂದು ಕೈಯಲ್ಲಿ ಕ್ರಿಕೆಟ್ ಪುಸ್ತಕ ಹಿಡಿದು, ಇನ್ನೊಂದು ಕೈಯಲ್ಲಿ ಸಾಕ್ಸು ಮಗುಚುವವ. ಮುಂದಿನದು ನಿಮಗೇ ಗೊತ್ತಾಗಿರಬೇಕು. ಅವನ ಸಾಕ್ಸು ಯಾವತ್ತೂ ಸುಡುತ್ತಿರಲಿಲ್ಲ, ಅದು ಹೇಗೋ ನನ್ನದೇ ಸುಡುತ್ತಿತ್ತು. ಒಂದಿಡೀ ಜೂನ್ ತಿಂಗಳು ನಾನು ಒಂದು ಕಾಲಿಗೆ ಬಿಳಿ, ಇನ್ನೊಂದು ಕಾಲಿಗೆ ಕಂದು ಸಾಕ್ಸು ಹಾಕಿಕೊಂಡು ಶಾಲೆಗೆ ಹೋಗಿದ್ದೇನೆ. ಮೈಯೆಲ್ಲ ಹೊಗೆ ವಾಸನೆ ಬೇರೆ. ಕ್ಲಾಸಿನಲ್ಲಿ ಎಲ್ಲರ ಮೈಯೂ ಅದೇ ವಾಸನೆ ಬರುತ್ತಿದ್ದರಿಂದ ಯಾರೂ ಯಾರನ್ನೂ ಆಡಿಕೊಳ್ಳುವ ಹಾಗಿರಲಿಲ್ಲ.

ಮಾವ, ಈಗ ಹೆದರಬೇಡಿ. ಎರಡು ವರ್ಷದ ಹಿಂದೆ ಮನೆಗೆ ಬಟ್ಟೆ ಒಣಗಿಸುವ ಮಿಷನ್ ಬಂದಿದೆ. ಕರೆಂಟ್ ಇದ್ದ ದಿನ ಅದು. ಇಲ್ಲದ ದಿನ ಬುಟ್ಟಿ. ಬುಟ್ಟಿಯ ಹತ್ತಿರ ಅಣ್ಣನನ್ನು ಮಾತ್ರ ಕೂರಿಸಬೇಡಿ ಅತ್ತಿಗೆ, ಅಷ್ಟು ನೆನಪಿಟ್ಟುಕೊಳ್ಳಿ.

ಸಾಕ್ಸಿನ ವಿಷಯದಲ್ಲಿ ಹೀಗಿದ್ದವನು ತೋಟಕ್ಕೆ ಕಾಲಿಟ್ಟರೆ ಬೇರೆಯೇ ಮನುಷ್ಯ. ಗದಗಿನವರು ಅವನನ್ನು ಪ್ಯಾಂಟು ಶರಟಿನಲ್ಲಿ ನೋಡಿದ್ದೀರಿ, ಇವತ್ತು ಪೇಟದಲ್ಲಿ ನೋಡುತ್ತಿದ್ದೀರಿ. ನಾನು ನೋಡಿದ ಅಣ್ಣನನ್ನು ಸ್ವಲ್ಪ ತೋರಿಸುತ್ತೇನೆ.

ಅಡಿಕೆಗೆ ಮಳೆಗಾಲದಲ್ಲಿ ಕೊಳೆ ಬರುತ್ತದೆ. ಎಳೆ ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದ ಹಾಗೆ ಕಡುಹಸಿರು ಕಲೆ ಆಗುತ್ತದೆ, ಆಮೇಲೆ ಕಾಯಿ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಬೂಸ್ಟು. ಗಾಳಿ ಮಳೆ ಎರಡೂ ಬಿಡದೆ ಹಿಡಿದರೆ ವಾರ ಹದಿನೈದು ದಿನದಲ್ಲಿ ಇಡೀ ಗೊನೆ ಖಾಲಿ. ಅದಕ್ಕೆ ಮದ್ದು ಬೋರ್ಡೋ ದ್ರಾವಣ. ಮೊದಲ ಸಲ ಮಳೆ ಹಿಡಿಯುವ ಹೊತ್ತಿಗೆ ಹೊಡೆಯಬೇಕು, ಎರಡನೆಯದು 40-45 ದಿನ ಬಿಟ್ಟು. ಅದೂ ಮಳೆ ಹೊಳವಾದಾಗ. ಹೊಳವು ಎರಡು ಗಂಟೆ ಸಿಗುತ್ತೋ ಅರ್ಧ ದಿನ ಸಿಗುತ್ತೋ ಯಾರಿಗೂ ಗೊತ್ತಿರಲ್ಲ. ಹಾಗಾಗಿ ಹೊಳವಾದ ದಿನ ನಮ್ಮನೆಯಲ್ಲಿ ಎಲ್ಲರೂ ಓಡುತ್ತಾರೆ.

ಅಣ್ಣ ಹೈಸ್ಕೂಲಿನಲ್ಲಿದ್ದ ಒಂದು ವರ್ಷ, ಎರಡನೇ ಮದ್ದಿನ ಹೊತ್ತಿಗೆ ಸರಿಯಾಗಿ ಅಪ್ಪಯ್ಯ ಜ್ವರ ಬಂದು ಮಲಗಿದರು. ಪುಷ್ಯ ಮಳೆ. ಬೆಳಗ್ಗೆ ಎದ್ದು ನೋಡಿದರೆ ಬಿಸಿಲು! ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ಬಂದು ಅಂಗಳದಲ್ಲಿ ನಿಂತಿದ್ದಾರೆ, ಇನ್ನೊಂದು ತೋಟಕ್ಕೂ ಅವರು ಮಾತು ಕೊಟ್ಟಿದ್ದಾರೆ. ಮದ್ದು ಕಲಸುವವರು ಯಾರು? ಅಣ್ಣ ನಾನು ಕಲಸುತ್ತೇನೆ ಅಂದ. ನಾನು ಪಂಪಿನ ಹತ್ತಿರ.

ಲೆಕ್ಕ ಸುಲಭ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಐವತ್ತು ಲೀಟರಿನಲ್ಲಿ ಮೈಲುತುತ್ತ ಕರಗಿಸಬೇಕು, ಇನ್ನೈವತ್ತರಲ್ಲಿ ಸುಣ್ಣ ಕಲಸಿ ಸೋಸಬೇಕು. ಕಬ್ಬಿಣದ ಪಾತ್ರೆ ಆಗಲ್ಲ, ಪ್ಲಾಸ್ಟಿಕ್ ಡ್ರಮ್ ಬೇಕು. ಆಮೇಲೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸುರಿಯುತ್ತಾ, ಕೋಲಿನಿಂದ ತಿರುಗಿಸುತ್ತಾ ಇರಬೇಕು. ಅವಸರದಲ್ಲಿ ಇದನ್ನು ಉಲ್ಟಾ ಮಾಡುವವರು ಇದ್ದಾರೆ, ಹಾಗೆ ಮಾಡಿದರೆ ಮದ್ದು ಒಡೆದು ಬೇಗ ತಳ ಹಿಡಿಯುತ್ತದೆ. ಅಣ್ಣ ಸರಿಯಾಗೇ ಕಲಸಿದ. ಆಕಾಶದ ಬಣ್ಣ ಬಂತು, ಚೆಂದದ ನೀಲಿ. ಕೊನೆಗಾರ "ಬಣ್ಣ ಬಂತಲ್ಲ, ಪಂಪಿಗೆ ಹಾಕು ಮಾರಾಯ, ಮೋಡ ಕಟ್ತಾ ಇದೆ" ಅಂದರು.

ಅಣ್ಣ ಹಾಕಲಿಲ್ಲ. ಒಳಗೆ ಹೋಗಿ ಚಾಕು ತಂದ. ಬೂದಿ ಹಾಕಿ ತಿಕ್ಕಿ ಬೆಳ್ಳಗೆ ಮಾಡಿದ. ಡ್ರಮ್ಮಿನಲ್ಲಿ ಅದ್ದಿ, ಬಾಯಲ್ಲಿ ಅರವತ್ತರವರೆಗೆ ಎಣಿಸಿ ಮೇಲೆತ್ತಿದ. ಚಾಕುವಿನ ಅಲಗಿನ ಮೇಲೆ ತೆಳ್ಳಗೆ ಕೆಂಪು, ತಾಮ್ರದ ಬಣ್ಣ. ಅಂದರೆ ಸುಣ್ಣ ಸಾಲದು. ಆ ವರ್ಷದ ಸುಣ್ಣ ಹಳೆಯದು, ಗಾಳಿಗೆ ಸತ್ತಿತ್ತು, ತೂಕ ಸರಿಯಿದ್ದರೂ ಸತ್ವ ಇರಲಿಲ್ಲ. ಹಾಗೇ ಹೊಡೆದಿದ್ದರೆ ಎಳೆ ಕಾಯಿ ಸುಟ್ಟುಹೋಗುತ್ತಿತ್ತು. ಕೊಳೆ ಬಾರದ ಹಾಗೆ ಹೊಡೆದ ಮದ್ದೇ ಬೆಳೆ ತೆಗೆಯುತ್ತಿತ್ತು.

ಅವನು ಇನ್ನಷ್ಟು ಸುಣ್ಣದ ನೀರು ಸೇರಿಸಿದ. ಮತ್ತೆ ಚಾಕು ತಿಕ್ಕಿದ, ಅದ್ದಿದ, ಎಣಿಸಿದ. ಇನ್ನೂ ಕೆಂಪು. ಕೊನೆಗಾರರು ತಲೆ ಮೇಲೆ ಕೈ ಹೊತ್ತು ಕೂತರು. ಪಡುವಣ ದಿಕ್ಕು ಕಪ್ಪಾಗುತ್ತಾ ಇದೆ. ನಾನು "ಸಾಕು ಬಿಡೋ ಅಣ್ಣ" ಅಂದೆ. ಅವನು ನನ್ನ ಕಡೆ ನೋಡಲೂ ಇಲ್ಲ. ಮತ್ತೆ ಸುಣ್ಣ. ಮತ್ತೆ ಚಾಕು. ಕೊನೆಗೂ ಅದು ಹೋದ ಹಾಗೇ ಬೆಳ್ಳಗೆ ಮೇಲೆ ಬಂತು. "ಈಗ ಹಾಕಿ" ಅಂದ.

ಅವತ್ತು ಅರ್ಧ ತೋಟಕ್ಕೆ ಮಾತ್ರ ಮದ್ದು ಮುಟ್ಟಿತು. ಉಳಿದರ್ಧಕ್ಕೆ ಇನ್ನೊಂದು ಹೊಳವು ಸಿಗಲು ಸುಮಾರು ದಿನ ಕಾಯಬೇಕಾಯಿತು. ಆ ಕಡೆ ಸ್ವಲ್ಪ ಕೊಳೆ ಬಂದೇ ಬಂತು. ಅಪ್ಪಯ್ಯ ಬೈಯಲಿಲ್ಲ. ಆದರೆ ಮುಂದಿನ ವರ್ಷದಿಂದ ಮದ್ದು ಕಲಸುವ ಕೆಲಸ ಅಣ್ಣನಿಗೇ ಬಂತು.

ಈ ಕಥೆ ಯಾಕೆ ಹೇಳಿದೆ ಅಂದರೆ, ಅತ್ತಿಗೆಗೆ ಇದು ಮೊದಲೇ ಗೊತ್ತು. ಇಬ್ಬರೂ ಶಿವಮೊಗ್ಗದ ನವುಲೆ ಕೃಷಿ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಅಲ್ಲಿ ಇವನು ಈ ಚಾಕುವಿನ ಪುರಾಣ ಹೇಳಿದನಂತೆ. ಅತ್ತಿಗೆ ನಕ್ಕು, "ಲಿಟ್ಮಸ್ ಕಾಗದ ಇರೋದು ಯಾಕ್ರೀ ಮತ್ತ?" ಅಂದರಂತೆ. ಹೋದ ವರ್ಷ ಮನೆ ನೋಡಲು ಬಂದಾಗ ಅತ್ತಿಗೆಯ ಬ್ಯಾಗಿನಲ್ಲಿ ಆ ಕೆಂಪು ಕಾಗದದ ಪುಸ್ತಕ ಇತ್ತು! ಹೆಣ್ಣು ಗಂಡು ಮಾತಾಡಿಕೊಳ್ಳಲಿ ಅಂತ ಹಿರಿಯರು ತೋಟದ ಕಡೆ ಕಳಿಸಿದರೆ, ಇವರಿಬ್ಬರೂ ಡ್ರಮ್ಮಿನ ಹತ್ತಿರ ಕೂತು ಒಬ್ಬರು ಚಾಕು, ಒಬ್ಬರು ಕಾಗದ ಅದ್ದುತ್ತಿದ್ದರು. ಚಾಕು ಕೆಂಪಾಗಲಿಲ್ಲ, ಕಾಗದ ನೀಲಿಯಾಯಿತು. ಎರಡೂ ಮದ್ದು ಸರಿಯಿದೆ ಅಂದವು. ನಾನು ಕಾಫಿ ಕೊಡುವ ನೆಪದಲ್ಲಿ ಹೋಗಿ ಇದನ್ನೆಲ್ಲ ನೋಡಿ ಬಂದು, ಅಮ್ಮನಿಗೆ "ಇದು ಆಯ್ತು ಬಿಡಿ" ಅಂದೆ. ಜಾತಕ ಆಮೇಲೆ ನೋಡಿದ್ದು.

ಈಗ ಬೀಗರಿಗೆ ಕೆಲವು ಒಳಗುಟ್ಟು ಹೇಳುತ್ತೇನೆ, ಬರೆದುಕೊಳ್ಳಿ ಬೇಕಾದರೆ.

ಮದುವೆಯಾದ ಮೊದಲ ಆಷಾಢಕ್ಕೆ ಅತ್ತಿಗೆ ತವರಿಗೆ ಬರುತ್ತಾರೆ. ಅಳಿಯ ಹಿಂದೆಯೇ ಓಡಿ ಬರುತ್ತಾನೆ ಅಂತ ಹೋಳಿಗೆ ಮಾಡಿಟ್ಟುಕೊಂಡು ಕಾಯಬೇಡಿ. ಅದು ಎರಡನೇ ಮದ್ದಿನ ಸಮಯ. ಫೋನ್ ಎತ್ತಲ್ಲ, ಎತ್ತಿದರೂ "ಹೊಳವಾಗಿದೆ, ಆಮೇಲೆ ಮಾಡ್ತೀನಿ" ಅಂದು ಇಡುತ್ತಾನೆ. ಅದು ಅಸಡ್ಡೆ ಅಲ್ಲ. ಮಳೆ ಜೋರಾದ ದಿನ ಅವನೇ ಗಂಟೆಗಟ್ಟಲೆ ಮಾತಾಡುತ್ತಾನೆ, ನೆಟ್‌ವರ್ಕ್ ಇದ್ದರೆ.

ನೀವು ನಮ್ಮನೆಗೆ ಬರುವುದಾದರೆ ದೀಪಾವಳಿ ಕಳೆದ ಮೇಲೆ ಬನ್ನಿ. ಉಂಬಳ ಇರಲ್ಲ, ಅಡಿಕೆ ಕೊಯ್ಲು ಶುರುವಾಗಿರುತ್ತದೆ. ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿಯುವುದನ್ನು ನೋಡಬಹುದು. ಈಗ ಸುಲಿಯುವ ಮಿಷನ್ ಬಂದು ಜನ ಕಡಿಮೆ ಆಗಿದ್ದಾರೆ, ಆದರೂ ನಮ್ಮಜ್ಜಿ ತಮ್ಮ ಮೆಟ್ಟುಗತ್ತಿ ಬಿಟ್ಟಿಲ್ಲ. ಹಲಗೆಯ ಮೇಲೆ ಕೂತು, ಎದುರಿನ ಬಾಗಿದ ಕತ್ತಿಗೆ ಕಾಯಿ ಒತ್ತಿ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಚಿಕ್ಕವರಿದ್ದಾಗ ಅಣ್ಣನೂ ನಾನೂ ಡಬ್ಬದ ಲೆಕ್ಕದಲ್ಲಿ ಸುಲಿಯುತ್ತಿದ್ದೆವು, ಹಬ್ಬದ ಪಟಾಕಿ ದುಡ್ಡಿಗೆ. ನಾನು ಸುಲಿದಿದ್ದನ್ನು ತನ್ನ ಡಬ್ಬಕ್ಕೆ ಹಾಕಿಕೊಳ್ಳುತ್ತಿದ್ದ. ಪಟಾಕಿ ತಂದ ಮೇಲೆ ಅರ್ಧಕ್ಕಿಂತ ಜಾಸ್ತಿ ನನಗೇ ಕೊಡುತ್ತಿದ್ದ. ಇದು ಕಳ್ಳತನವೋ ಪ್ರೀತಿಯೋ ಅಂತ ನಾನು ಇನ್ನೂ ತೀರ್ಮಾನ ಮಾಡಿಲ್ಲ. ಪಟಾಕಿ ಹೊಡೆಯುವಾಗ ಹೆದರಿ ಅಮ್ಮನ ಹಿಂದೆ ಅಡಗುತ್ತಿದ್ದವನು ಅವನೇ, ಅದನ್ನೂ ಸೇರಿಸಿ ತೀರ್ಮಾನ ಮಾಡಬೇಕು. (ಅಜ್ಜಿ ಇಲ್ಲಿಯೇ ಕಣ್ಣು ಬಿಟ್ಟಿದ್ದು.)

ಅತ್ತೆ, ನಿನ್ನೆ ನೀವು ಗದಗಿನಿಂದ ಹೊರಡುವಾಗ ಬುಟ್ಟಿ ತುಂಬಾ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದೀರಿ. ಬಸ್ಸಿನಲ್ಲಿ ಬರುವಾಗಲೇ ಕಾಲುಭಾಗ ಮಾಯ, ಯಾರು ಅಂತ ಕೇಳಬೇಡಿ. ಉಳಿದದ್ದು ತಿಂಗಳುಗಟ್ಟಲೆ ಇರುತ್ತೆ ಅಂದಿರಿ. ಗದಗಿನಲ್ಲಿ ಇರುತ್ತೆ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಹೊರಗಿಟ್ಟರೆ ಸಾಯಂಕಾಲಕ್ಕೆ ಬಟ್ಟೆಯ ಹಾಗೆ ಮಡಚಬಹುದು. ಅಮ್ಮ ಆಗಲೇ ಹಪ್ಪಳದ ತಗಡಿನ ಡಬ್ಬ ಒಂದನ್ನು ಖಾಲಿ ಮಾಡಿ, ಅಡುಗೆಮನೆಯ ಒಲೆಯ ಪಕ್ಕದ ಗೂಡಿನಲ್ಲಿ ಅದಕ್ಕೆ ಜಾಗ ಮಾಡಿದ್ದಾರೆ. ಆ ಗೂಡು ನಮ್ಮನೆಯಲ್ಲಿ ಎಲ್ಲರಿಗೂ ಸಿಗುವ ಜಾಗವಲ್ಲ. ಉಪ್ಪು, ಹಪ್ಪಳ, ಅಪ್ಪಯ್ಯನ ರೇಡಿಯೋ, ಇಷ್ಟಕ್ಕೇ ಅಲ್ಲಿ ಇದುವರೆಗೆ ಜಾಗ ಇದ್ದದ್ದು.

ಇವತ್ತು ಬೆಳಗ್ಗೆ ಮನೆ ತುಂಬಿಸಿಕೊಳ್ಳುವಾಗ ಬಾಗಿಲು ತಡೆದು ನಿಲ್ಲುವುದು ತಂಗಿಯ ಹಕ್ಕು. "ನಿಮ್ಮ ಮಗಳನ್ನು ನನ್ನ ಮಗನಿಗೆ ಕೊಡ್ತೀರಾ?" ಅಂತ ಕೇಳಬೇಕು. ನನಗೆ ಇನ್ನೂ ಮದುವೆಯೇ ಆಗಿಲ್ಲ, ಹೆಣ್ಣು ಕೇಳೋದು ಯಾರಿಗೆ ಅಂತ? ಅದಕ್ಕೆ ನಾನು ಬೇರೆ ಕೇಳಿದೆ. ಅಟ್ಟದ ಮೇಲಿನ ನನ್ನ ರೂಮು ಯಾವತ್ತಿಗೂ ನನ್ನದೇ ಅಂತ ಮಾತು ಕೊಡಿ ಅಂದೆ. ಅಣ್ಣ ಚೌಕಾಸಿಗೆ ಶುರು ಮಾಡಿದ, ಅಲ್ಲಿ ಗೋಟಡಿಕೆ ಚೀಲ ಇಡಬೇಕು, ಅರ್ಧ ರೂಮು ಕೊಡ್ತೀನಿ ಅಂದ. ಅಂಗಳದಲ್ಲಿ ಬಿಸಿಲು. ಬರಿಗಾಲಲ್ಲಿ ನಿಂತಿದ್ದ ಅತ್ತಿಗೆ ತಡೆಯಲಾರದೆ ಬಾಯಿಬಿಟ್ಟರು. "ಪೂರ್ತಿ ರೂಮು ನಿಮ್ದೇ ಇಟ್ಕೋರಿ, ಮೊದಲ ಒಳಗ ಬಿಡ್ರಿ, ಕಾಲು ಸುಡಾಕತ್ತಾವ!"

ಇಷ್ಟು ವರ್ಷದಲ್ಲಿ ಅಣ್ಣನ ವಿರುದ್ಧ ನನ್ನ ಪರ ಓಟು ಹಾಕಿದವರು ನಮ್ಮನೆಯಲ್ಲಿ ಒಬ್ಬರೂ ಇರಲಿಲ್ಲ. ಅಮ್ಮನೂ ಇಲ್ಲ, ಅಜ್ಜಿಯಂತೂ ಇಲ್ಲವೇ ಇಲ್ಲ. ಹೊಸ್ತಿಲು ದಾಟುವ ಮೊದಲೇ ಒಬ್ಬರು ಸಿಕ್ಕರು. ಆ ಮಾತಿಗೆ ಸಾಕ್ಷಿಯಾಗಿ ಐವತ್ತು ಜನ ಇದ್ದರು, ಈಗ ಮೈಕಿನಲ್ಲೂ ಹೇಳಿದ್ದೇನೆ. ಅಣ್ಣ, ಗೋಟಡಿಕೆ ಚೀಲ ನಾಳೆಯೇ ಕೆಳಗಿಳಿಸು.

ಅತ್ತಿಗೆ, ನೀವು ಬಯಲಿನಲ್ಲಿ ಬೆಳೆದವರು. ನಿಮ್ಮೂರಿನಲ್ಲಿ ಮನೆ ಮಾಳಿಗೆ ಹತ್ತಿದರೆ ಹರದಾರಿ ದೂರದವರೆಗೆ ಕಪ್ಪು ಹೊಲ, ಆಕಾಶ ಕಾಣುತ್ತದೆ. ನಮ್ಮಲ್ಲಿ ಎಲ್ಲಿ ನಿಂತರೂ ನಾಲ್ಕು ಹೆಜ್ಜೆಗೆ ಒಂದು ಮರ. ಜುಲೈ ಕೊನೆಗೆ ತವರಿನಿಂದ ಬಂದಾಗ ಬಿಸಿಲು ಕಾಣದೆ ಮನಸ್ಸು ಮಂಕಾಗಬಹುದು. ಇಲ್ಲೇ ಹುಟ್ಟಿದ ನಮಗೇ ಆಗುತ್ತದೆ. ಹಾಗಾದ ದಿನ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಶಿವಮೊಗ್ಗದಲ್ಲಿ ನನ್ನ ರೂಮಿದೆ, ಅಲ್ಲಿ ಮಳೆ ತುಂಬಾ ಕಡಿಮೆ. ಬಸ್ ಹತ್ತಿ ಬಂದುಬಿಡಿ. ಅಣ್ಣನಿಗೆ ಅಡುಗೆ ಬರುತ್ತದೆ, ಬರಲ್ಲ ಅಂತ ನಾಟಕ ಮಾಡುತ್ತಾನೆ ಅಷ್ಟೇ. ಅಕ್ಕಿರೊಟ್ಟಿ ನನಗಿಂತ ತೆಳ್ಳಗೆ ತಟ್ಟುತ್ತಾನೆ.

ಅಡುಗೆ ಭಟ್ಟರು ಬಾಗಿಲಿನಿಂದ ಕೈಸನ್ನೆ ಮಾಡುತ್ತಿದ್ದಾರೆ. ಗದಗಿನ ಬಸ್ಸು ರಾತ್ರಿ ಹತ್ತಕ್ಕೆ ಹೊರಡುತ್ತದೆ, ಹಾಗಾಗಿ ಮೊದಲ ಪಂಕ್ತಿ ಬೀಗರಿಗೆ. ಚಿಕ್ಕಪ್ಪಂದಿರು ದಯವಿಟ್ಟು ಎರಡನೆಯದಕ್ಕೆ ಕಾಯಬೇಕು. ಅಪ್ಪೆಮಿಡಿ ಉಪ್ಪಿನಕಾಯಿ ನಮ್ಮಜ್ಜಿ ಹಾಕಿದ್ದು, ಎರಡನೇ ಸಲ ಕೇಳಲು ಸಂಕೋಚ ಬೇಡ. ಮಾವ, ನಿಮ್ಮ ಪಂಚೆಯ ಕಲೆ ಹೋಗಿಲ್ಲ ಅಂತ ಅತ್ತೆ ಹೇಳಿದರು. ಬಸ್ ಹತ್ತುವ ಮೊದಲು ಅಮ್ಮ ನಿಮಗೆ ಒಂದು ಪೊಟ್ಟಣ ಕೊಡುತ್ತಾರೆ, ಅದರಲ್ಲಿ ಹೊಸ ಪಂಚೆ ಇದೆ. ಕಡುನೀಲಿ ಬಣ್ಣದ್ದು.